ಗ್ರೂಪ್ ಫೋಟೋದಲ್ಲಿ ಕಣ್ಣು ಮುಚ್ಚಿದವರು: ಕಣ್ಣಷ್ಟೇ ತರಬೇಕೆ, ಮುಖವನ್ನೆ, ಅಥವಾ ಇಡೀ ತಲೆಯನ್ನೆ?

ಕೊಡವರ ಮೂಲಮನೆಯಾದ ಐನ್‌ಮನೆಯ ಮುಂದೆ ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ನಿಂತು ತೆಗೆಸಿಕೊಳ್ಳುವ ಗ್ರೂಪ್ ಫೋಟೋಗೆ ಎರಡನೇ ಅವಕಾಶ ಸಿಗುವುದು ಕಡಿಮೆ. ಕೈಲ್ ಮುಹೂರ್ತಕ್ಕೋ ಹುತ್ತರಿ ಹಬ್ಬಕ್ಕೋ ಬಂದವರು ಊಟ ಮುಗಿಸಿ ಬೆಂಗಳೂರು, ಮೈಸೂರಿನ ಕಡೆ ಗಾಡಿ ಹತ್ತಿಬಿಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ತೆಗೆದ ನಾಲ್ಕಾರು ಫ್ರೇಮುಗಳಲ್ಲಿ ಎಲ್ಲರೂ ಕಣ್ಣು ಬಿಟ್ಟಿರುವುದು ಒಂದೂ ಇರುವುದಿಲ್ಲ. ಒಬ್ಬೊಬ್ಬರದ್ದೇ ನೋಡಿದರೆ ಮಾತ್ರ ಎಲ್ಲರ ತೆರೆದ ಕಣ್ಣೂ ಯಾವುದೋ ಒಂದು ಫ್ರೇಮಿನಲ್ಲಿ ಇದ್ದೇ ಇರುತ್ತದೆ. ಅದನ್ನು ತಂದು ಕೂರಿಸುವುದು ಈಗ ಕಷ್ಟದ ಕೆಲಸವೇನಲ್ಲ.

ಇದನ್ನು ಕೇಳುವವರು ಸಾಮಾನ್ಯವಾಗಿ "ಯಾವ ಸಾಫ್ಟ್‌ವೇರ್ ಒಳ್ಳೆಯದು?" ಎಂದು ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲು ತೀರ್ಮಾನಿಸಬೇಕಾದದ್ದು ಅದಲ್ಲ. ಎಷ್ಟು ದೊಡ್ಡ ತುಂಡನ್ನು ತರಬೇಕು ಎನ್ನುವುದು ಮೊದಲು. ಕಣ್ಣು ಮಾತ್ರವೇ, ಹಣೆಯಿಂದ ಗಲ್ಲದವರೆಗಿನ ಮುಖವೇ, ಕುತ್ತಿಗೆ ಸಮೇತ ತಲೆಯೇ, ಇಲ್ಲ ಆ ಮನುಷ್ಯನನ್ನೇ ಪೂರ್ತಿ ತರುವುದೇ? ತುಂಡು ಚಿಕ್ಕದಾದಷ್ಟೂ ಕೆಲಸ ಸುಲಭ ಎಂದು ಅನ್ನಿಸುತ್ತದೆ. ಎಷ್ಟೋ ಸಲ ಅದು ಉಲ್ಟಾ. ತುಂಡಿನ ಅಂಚು ಎಲ್ಲಿ ಬೀಳುತ್ತದೆ, ಎರಡು ಫ್ರೇಮುಗಳ ನಡುವೆ ತಲೆ ಎಷ್ಟು ತಿರುಗಿದೆ, ಬೆಳಕು ಬದಲಾಗಿದೆಯೇ, ಈ ಮೂರನ್ನು ನೋಡಿದರೆ ಉತ್ತರ ಸಿಗುತ್ತದೆ.

ಒಂದು ಫೋಟೋ ಇಟ್ಟುಕೊಂಡೇ ಹೇಳುತ್ತೇನೆ. ಇಪ್ಪತ್ಮೂರು ಜನ, ಮೂರು ಸಾಲು. ಮುಂದೆ ಕುರ್ಚಿಯಲ್ಲಿ ಹಿರಿಯರು, ಹಿಂದೆ ಎರಡು ಸಾಲು ನಿಂತವರು, ಹಿನ್ನೆಲೆಯಲ್ಲಿ ಮನೆಯ ಕಂಬಗಳು ಮತ್ತು ಮೆಟ್ಟಿಲು. ಕ್ಯಾಮೆರಾ 24 ಮೆಗಾಪಿಕ್ಸೆಲ್, ಅಂದರೆ ಅಗಲಕ್ಕೆ 6000 ಪಿಕ್ಸೆಲ್. ಒಂದು ಸಾಲಿನಲ್ಲಿ ಎಂಟು ಜನ ಇದ್ದರೆ ಒಬ್ಬೊಬ್ಬರ ಮುಖ ಸುಮಾರು 200 ಪಿಕ್ಸೆಲ್ ಅಗಲ, ಒಂದು ಕಣ್ಣು ಸುಮಾರು 40 ಪಿಕ್ಸೆಲ್. ಇದನ್ನು 12×18 ಇಂಚಿಗೆ ಪ್ರಿಂಟ್ ಹಾಕಿಸಿದರೆ ಮುಖದ ಅಗಲ ಒಂದೂವರೆ ಸೆಂಟಿಮೀಟರ್. ಈ ಅಳತೆಯಲ್ಲಿ, ತಂದ ತುಂಡಿನ ಎಷ್ಟು ಭಾಗ ಕಾಣಬೇಕೆಂದು ಗೊತ್ತುಮಾಡುವ ಮಾಸ್ಕಿನ ಅಂಚು ಒಂದೆರಡು ಪಿಕ್ಸೆಲ್ ಆಚೀಚೆ ಆದರೆ ಯಾರಿಗೂ ಕಾಣುವುದಿಲ್ಲ. ಮುಖದ ಬೆಳಕು ಪಕ್ಕದವರಿಗಿಂತ ಬೇರೆಯಾದರೆ, ನೋಟ ಬೇರೆ ಕಡೆ ಇದ್ದರೆ ಮಾತ್ರ ಅಷ್ಟು ದೂರದಿಂದಲೂ ಗೊತ್ತಾಗುತ್ತದೆ. ಹಾಗಾಗಿ ಅಂಚು ತಿದ್ದುವುದಕ್ಕಿಂತ ಫ್ರೇಮ್ ಆರಿಸುವುದಕ್ಕೆ ಹೆಚ್ಚು ಸಮಯ ಕೊಡಿ.

ಆಧಾರದ ಫ್ರೇಮ್

ಅತಿ ಹೆಚ್ಚು ಜನ ಕಣ್ಣು ಬಿಟ್ಟಿರುವ ಫ್ರೇಮನ್ನೇ ಆಧಾರಕ್ಕೆ ತೆಗೆದುಕೊಳ್ಳಬೇಕು ಎಂದೇನಿಲ್ಲ. ಸಾಲಿನ ನಡುವೆ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತವರ ತಲೆ ಬದಲಿಸುವುದು ಕಷ್ಟ. ಸಾಲಿನ ತುದಿಯಲ್ಲಿ ನಿಂತವರದ್ದು ಸುಲಭ. ಆದ್ದರಿಂದ ನಡುವಿನವರು ಚೆನ್ನಾಗಿ ಬಂದಿರುವ ಫ್ರೇಮನ್ನು ಆರಿಸಿ, ತುದಿಯಲ್ಲಿ ಇಬ್ಬರು ಕೆಟ್ಟಿದ್ದರೂ ಪರವಾಗಿಲ್ಲ. ನಮ್ಮ ಉದಾಹರಣೆಯಲ್ಲಿ ಆಧಾರ IMG_4127. ಅದರಲ್ಲಿ ನಾಲ್ವರು ಕೆಟ್ಟಿದ್ದಾರೆ: ಹಿಂದಿನ ಸಾಲಿನ ಒಬ್ಬ ಯುವಕ, ಮುಂದಿನ ಸಾಲಿನ ನಡುವೆ ಮಂಡೆತುಣಿ ಎಂಬ ರುಮಾಲು ಕಟ್ಟಿ ಕೂತ, ಒಕ್ಕದ ಹಿರಿಯರಾದ ಪಟ್ಟೆದಾರ ಅಜ್ಜ, ಎರಡನೇ ಸಾಲಿನಲ್ಲಿ ಕನ್ನಡಕ ಹಾಕಿದ ಸೊಸೆ, ಮತ್ತು ತುದಿಯಲ್ಲಿ ಕಂಬದ ಪಕ್ಕ ನಿಂತ ಹುಡುಗ. ನಾಲ್ವರಿಗೂ ಒಂದೇ ಮದ್ದು ಆಗಲಿಲ್ಲ.

RAW ತೆಗೆದಿದ್ದರೆ ಎಲ್ಲ ಫ್ರೇಮುಗಳಿಗೂ ಒಂದೇ ವೈಟ್ ಬ್ಯಾಲೆನ್ಸ್, ಒಂದೇ ಎಕ್ಸ್‌ಪೋಷರ್ ಕೊಟ್ಟು ಡೆವಲಪ್ ಮಾಡಿದ ಮೇಲೆಯೇ ಮುಂದಿನ ಕೆಲಸ. ಒಂದು ಕಡೆ ಕಾಫಿ ತೋಟದ ಹಸಿರು, ಮೇಲೆ ಹೆಂಚಿನ ಕೆಂಪು ಇರುವಲ್ಲಿ ಆಟೋ ವೈಟ್ ಬ್ಯಾಲೆನ್ಸ್ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಜಾರುತ್ತದೆ. ಅದನ್ನು ಆಮೇಲೆ ಒಂದೊಂದೇ ಮುಖದಲ್ಲಿ ಸರಿ ಮಾಡುವುದು ವ್ಯರ್ಥ ಶ್ರಮ.

ನಂತರ ಆಧಾರದ ಫ್ರೇಮ್, ತೆರೆದ ಕಣ್ಣು ಇರುವ ಫ್ರೇಮ್ ಎರಡನ್ನೂ ಒಂದರ ಮೇಲೊಂದು ಕೂರಿಸಬೇಕು. ಫೋಟೋಶಾಪಿನಲ್ಲಿ File > Scripts > Load Files into Stack ತೆರೆದು, ಎರಡೂ ಲೇಯರ್ ಆರಿಸಿ, Edit > Auto-Align Layers ಕೊಟ್ಟರೆ ಆಯಿತು. ಅಲ್ಲಿ Reposition ಆಯ್ಕೆ ಇದೆ. ಟ್ರೈಪಾಡ್ ಮೇಲೆ ತೆಗೆದದ್ದಾದರೆ ಅದೇ ಸಾಕು, ಚಿತ್ರವನ್ನು ಎಳೆದು ಸೊಟ್ಟ ಮಾಡುವುದಿಲ್ಲ. ಈ ಹಂತದಲ್ಲಿ ಕೂಡಿ ಬರಬೇಕಾದದ್ದು ಮನೆಯ ಕಂಬ, ಮೆಟ್ಟಿಲು. ಮನುಷ್ಯರು ಹೇಗೂ ಅಲುಗಾಡಿರುತ್ತಾರೆ. ಮೇಲಿನ ಲೇಯರಿಗೆ, ಎರಡರ ವ್ಯತ್ಯಾಸವನ್ನಷ್ಟೇ ತೋರಿಸುವ Difference ಮೋಡ್ ಕೊಟ್ಟು ನೋಡಿ. ಕಂಬ ಕಪ್ಪಾಗಿ ಮಾಯವಾದರೆ ಸರಿ ಕೂತಿದೆ, ಅಂಚಿನಲ್ಲಿ ಬಿಳಿ ಗೆರೆ ಉಳಿದರೆ ಇಲ್ಲ.

ಕಣ್ಣು ಮಾತ್ರ

ಹಿಂದಿನ ಸಾಲಿನ ಯುವಕನಿಗೆ ಇದು ಸಾಕಾಯಿತು. ರೆಪ್ಪೆ ಅರ್ಧ ಇಳಿದಿತ್ತು ಅಷ್ಟೆ, ತಲೆ ಎರಡೂ ಫ್ರೇಮಿನಲ್ಲಿ ಒಂದೇ ಥರ ಇತ್ತು, ನಗುವೂ ಬದಲಾಗಿರಲಿಲ್ಲ. ಎರಡನೇ ಫ್ರೇಮಿನ ಕಣ್ಣನ್ನು ಹುಬ್ಬಿನ ಕೆಳಗಿನಿಂದ ಕೆನ್ನೆಯ ಮೇಲಿನ ಗೆರೆಯವರೆಗೆ ಮೃದು ಬ್ರಷ್‌ನಿಂದ ತೆರೆದರೆ ಮುಗಿಯಿತು.

ಆದರೆ ಇದಕ್ಕೊಂದು ಗಟ್ಟಿ ಮಿತಿ ಇದೆ. ಮನಸಾರೆ ನಕ್ಕಾಗ ಕಣ್ಣಿನ ಸುತ್ತಲಿನ ಸ್ನಾಯು ಬಿಗಿದು ಕೆನ್ನೆ ಮೇಲೇರುತ್ತದೆ, ಕೆಳರೆಪ್ಪೆ ಉಬ್ಬುತ್ತದೆ, ಕಣ್ಣಿನ ತುದಿಯಲ್ಲಿ ಗೆರೆ ಮೂಡುತ್ತದೆ. ಹಾಗೆ ನಗುತ್ತಿರುವ ಬಾಯಿಯ ಮೇಲೆ ನಗುವ ಮೊದಲು ತೆಗೆದ ಅಗಲ ಕಣ್ಣನ್ನು ಕೂರಿಸಿದರೆ ಆ ಮುಖ ಬೆಚ್ಚಿಬಿದ್ದಂತೆ ಕಾಣುತ್ತದೆ. ಎಲ್ಲಿ ತಪ್ಪಾಗಿದೆ ಎಂದು ಮನೆಯವರು ಹೇಳಲಾರರು. "ಇದು ಅವನ ಹಾಗಿಲ್ಲ" ಎಂದಷ್ಟೇ ಹೇಳುತ್ತಾರೆ. ಅವರು ಹೇಳುವುದು ಸರಿ. ಎರಡೂ ಫ್ರೇಮಿನ ಬಾಯಿಯನ್ನು ಹೋಲಿಸಿ ನೋಡಿ: ಒಂದೇ ಥರ ಇದ್ದರೆ ಕಣ್ಣು ಮಾತ್ರ ತರಬಹುದು, ಇಲ್ಲವಾದರೆ ಮುಖವನ್ನೇ ತನ್ನಿ.

ನೋಟವನ್ನೂ ಪರೀಕ್ಷಿಸಬೇಕು. ನಮ್ಮಲ್ಲಿ ಗ್ರೂಪ್ ಫೋಟೋ ತೆಗೆಯುವಾಗ ಫೋಟೋಗ್ರಾಫರ್ ಪಕ್ಕದಲ್ಲಿ ಮೊಬೈಲ್ ಹಿಡಿದವರು ಇಬ್ಬರಾದರೂ ಇರುತ್ತಾರೆ. ಸಾಲಿನಲ್ಲಿ ನಿಂತವರು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡುತ್ತಾರೆ. ಕಪ್ಪು ಗುಡ್ಡೆಯ ಎರಡೂ ಬದಿಯ ಬಿಳಿ ಭಾಗ ಪಕ್ಕದವರ ಕಣ್ಣಿನಲ್ಲಿ ಇರುವಂತೆಯೇ ಇದೆಯೇ ಎಂದು ಝೂಮ್ ಮಾಡಿ ನೋಡಿ.

ಮುಖ: ಅಜ್ಜನ ಮಂಡೆತುಣಿ ಮತ್ತು ಸೊಸೆಯ ಕನ್ನಡಕ

ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಮುಖವನ್ನು ಮಾತ್ರ ತರುವ ದಾರಿ. ಅದರಲ್ಲೂ ಕೊಡವ ಉಡುಪಿನ ಫೋಟೋಗಳಲ್ಲಿ. ಬೇರೆ ಕಡೆ ತಲೆ ಬದಲಿಸುವಾಗ ಅತಿ ತೊಂದರೆ ಕೊಡುವುದು ಕೂದಲಿನ ಅಂಚು. ಇಲ್ಲಿ ಗಂಡಸರ ಮಂಡೆತುಣಿ, ಹೆಂಗಸರು ತಲೆಗೆ ಕಟ್ಟುವ ವಸ್ತ್ರ, ಎರಡೂ ಹಣೆಯ ಮೇಲೆ ಸ್ಪಷ್ಟ ಗೆರೆ ಹಾಕುತ್ತವೆ. ಮಾಸ್ಕಿನ ಮೇಲಂಚನ್ನು ಆ ಗೆರೆಯ ಮೇಲೆಯೇ ನಿಲ್ಲಿಸಿದರೆ ಕೂದಲಿನ ಗೋಜೇ ಇಲ್ಲ. ಬಟ್ಟೆ ಆಧಾರದ ಫ್ರೇಮಿನದ್ದೇ ಉಳಿಯುತ್ತದೆ, ಅದರ ಕೆಳಗಿನ ಮುಖ ಮಾತ್ರ ಬದಲಾಗುತ್ತದೆ.

ಆದರೆ ಅದೇ ಮಂಡೆತುಣಿ ಹಣೆಯ ಮೇಲೆ ನೆರಳನ್ನೂ ಹಾಕುತ್ತದೆ. ಅಜ್ಜನಿಗೆ ಎರಡು ಮುಖಗಳು ಸಿಕ್ಕವು. IMG_4129ರಲ್ಲಿ ಅವರ ನಗು ತುಂಬ ಚೆನ್ನಾಗಿದೆ. ಆದರೆ ಆ ಹೊತ್ತಿಗೆ ಮೋಡ ಸರಿದು ಬಿಸಿಲು ಬಿದ್ದಿತ್ತು. ಹಣೆಯ ಮೇಲೆ, ಮೂಗಿನ ಪಕ್ಕದಲ್ಲಿ ಕತ್ತರಿಸಿದಂತೆ ನೆರಳು. ಆಧಾರದ ಫ್ರೇಮಿನಲ್ಲಿ ಮೋಡದ ಬೆಳಕು, ನೆರಳಿಗೆ ಅಂಚೇ ಇಲ್ಲ. IMG_4131ರಲ್ಲಿ ಮತ್ತೆ ಮೋಡ ಕವಿದಿದೆ, ಕಣ್ಣು ತೆರೆದಿದೆ, ನಗು ಸ್ವಲ್ಪ ಕಡಿಮೆ. ಆರಿಸಬೇಕಾದದ್ದು 4131. Curvesನಿಂದ ಮುಖವನ್ನು ಬೆಳಗಿಸಬಹುದು, ಕಪ್ಪಾಗಿಸಬಹುದು. ಗಟ್ಟಿ ನೆರಳನ್ನು ಮೆದು ಮಾಡಲು ಆಗುವುದಿಲ್ಲ. ಬಿಸಿಲಿನ ಮುಖ ಮೋಡದ ಸಾಲಿನಲ್ಲಿ ಕೂತರೆ ಯಾವ ಮಾಸ್ಕೂ ಅದನ್ನು ಮುಚ್ಚಲಾರದು. ಮಳೆಗಾಲ ಮುಗಿಯುವ ಹೊತ್ತಿನ ಕೊಡಗಿನಲ್ಲಿ ಬೆಳಕು ಕೆಲವೇ ಸೆಕೆಂಡಿನಲ್ಲಿ ಹೀಗೆ ಬದಲಾಗುತ್ತದೆ, ಆದ್ದರಿಂದ ಈ ಪ್ರಶ್ನೆ ನಮಗೆ ಪದೇ ಪದೇ ಎದುರಾಗುತ್ತದೆ. ಒಳ್ಳೆಯ ನಗು ಮತ್ತು ಹೊಂದುವ ಬೆಳಕಿನ ನಡುವೆ ಆರಿಸಬೇಕಾದಾಗ ನಾನು ಪ್ರತಿ ಸಲವೂ ಬೆಳಕನ್ನೇ ಆರಿಸುತ್ತೇನೆ.

ಕೂರಿಸುವ ಕ್ರಮ ಇಷ್ಟು. 4131ರ ಲೇಯರಿನಲ್ಲಿ ಅಜ್ಜನ ತಲೆಯ ಸುತ್ತ Lassoದಿಂದ ಧಾರಾಳವಾಗಿ ಸುತ್ತು ಹಾಕಿ Ctrl+J ಒತ್ತಿ. ಆ ತುಂಡು ಬೇರೆ ಲೇಯರಾಗುತ್ತದೆ. ಅದರ Opacity ಅರ್ಧಕ್ಕೆ ಇಳಿಸಿ, Ctrl+T ಒತ್ತಿ, ಮೂಗಿನ ಮೇಲೆ ಮೂಗು ಕೂರಿಸಿ. ಕಣ್ಣಿಗೆ ಕಣ್ಣು ಕೂರಿಸಲು ಹೋಗಬೇಡಿ, ಒಂದು ಮುಚ್ಚಿದೆ, ಒಂದು ತೆರೆದಿದೆ, ಅಳತೆಗೆ ಸಿಗುವುದಿಲ್ಲ. ಮೂಗಿನ ಹೊಳ್ಳೆ, ಕಣ್ಣಿನ ಒಳಮೂಲೆ, ಕಿವಿ ಇವು ಅಲುಗುವುದಿಲ್ಲ. ಕೂತ ಮೇಲೆ Opacity ಮತ್ತೆ 100. Alt ಹಿಡಿದು ಮಾಸ್ಕಿನ ಗುಂಡಿ ಒತ್ತಿದರೆ ಕಪ್ಪು ಮಾಸ್ಕ್ ಬಂದು ಎಲ್ಲವೂ ಮರೆಯಾಗುತ್ತದೆ. ಈಗ ಬಿಳಿ ಬ್ರಷ್, ಈ ಅಳತೆಯ ಮುಖಕ್ಕೆ ಸುಮಾರು 40 ಪಿಕ್ಸೆಲ್. ಮೂಗಿನಿಂದ ಶುರು ಮಾಡಿ ಹೊರಗೆ ಬಳಿಯುತ್ತಾ ಹೋಗಿ. ಮಂಡೆತುಣಿಯ ಗೆರೆಯ ಹತ್ತಿರ ಬ್ರಷ್ ಗಡುಸಾಗಿರಲಿ, ಕೆನ್ನೆಯಲ್ಲಿ ಮೆದುವಾಗಿರಲಿ. ಗಲ್ಲದ ಅಂಚಿಗೆ ಸರಿಯಾಗಿ ನಿಲ್ಲಿಸುವ ಬದಲು ಅದರ ಕೆಳಗಿನ ಕುತ್ತಿಗೆಯ ನೆರಳಿನವರೆಗೂ ಇಳಿಯಿರಿ. ಕಪ್ಪಿನಲ್ಲಿ ಜೋಡಣೆ ಕಾಣುವುದಿಲ್ಲ. ಬಿಳಿ ಗಡ್ಡ ಇದ್ದರೆ ಅರ್ಧ ಗಡ್ಡ ಅಲ್ಲಿಂದ, ಅರ್ಧ ಇಲ್ಲಿಂದ ಆಗದಂತೆ ಇಡೀ ಗಡ್ಡವನ್ನೇ ತನ್ನಿ.

ಸೊಸೆಯದ್ದು ಬೇರೆ ವಿಷಯ. ಕನ್ನಡಕ ಹಾಕಿದವರಿಗೆ ಕಣ್ಣು ಮಾತ್ರ ತರುವ ಪ್ರಯತ್ನ ಬೇಡ. ನಕ್ಕಾಗ ಕೆನ್ನೆ ಕನ್ನಡಕವನ್ನು ಎತ್ತುತ್ತದೆ, ತಲೆ ಕೊಂಚ ಬಾಗಿದರೂ ಗಾಜಿನ ಮೇಲಿನ ಆಕಾಶದ ಹೊಳಪು ಜಾಗ ಬದಲಿಸುತ್ತದೆ. ಗಾಜಿನ ಒಳಗೆ ಒಂದು ಫ್ರೇಮಿನ ಕಣ್ಣು, ಹೊರಗೆ ಇನ್ನೊಂದರ ಕಟ್ಟು ಎಂದಾದರೆ ಹೊಳಪು ಅರ್ಧಕ್ಕೆ ತುಂಡಾಗುತ್ತದೆ. ಕನ್ನಡಕದ ಕಡ್ಡಿಯೂ ಸೇರಿ ಕಿವಿಯವರೆಗೆ ತನ್ನಿ, ಆಕೆಯ ತಲೆಯ ವಸ್ತ್ರ ಕಿವಿಯ ಮೇಲೆ ಇಳಿದಿದ್ದರಿಂದ ಕಡ್ಡಿ ಅದರೊಳಗೆ ಸೇರುವ ಜಾಗದಲ್ಲೇ ಅಂಚು ನಿಲ್ಲಿಸಲು ಅನುಕೂಲವಾಯಿತು.

ಮುಖ ಮಾತ್ರ ತರುವುದು ಎಲ್ಲಿ ಸೋಲುತ್ತದೆ? ತಲೆ ಪಕ್ಕಕ್ಕೆ ತಿರುಗಿದಾಗ. ಕಿವಿಗಳನ್ನು ನೋಡಿ. ಆಧಾರದ ಫ್ರೇಮಿನಲ್ಲಿ ಎರಡೂ ಕಿವಿ ಕಾಣುತ್ತಿದ್ದು ಇನ್ನೊಂದರಲ್ಲಿ ಒಂದೇ ಕಾಣುತ್ತಿದ್ದರೆ, ಅಥವಾ ಮೂಗಿನ ತುದಿ ಒಂದು ಕಿವಿಗೆ ಗಮನಕ್ಕೆ ಬರುವಷ್ಟು ಹತ್ತಿರ ಸರಿದಿದ್ದರೆ, ಆ ಮುಖವನ್ನು ಈ ತಲೆಗೆ ಹಾಕಬೇಡಿ. Ctrl+Tಯಲ್ಲಿ ತಿರುಗಿಸುವುದು ತಲೆ ಓರೆಯಾದದ್ದನ್ನು ಸರಿ ಮಾಡುತ್ತದೆ, ಪಕ್ಕಕ್ಕೆ ತಿರುಗಿದ್ದನ್ನಲ್ಲ.

ತಲೆ, ಅಥವಾ ಮನುಷ್ಯನೇ

ತುದಿಯಲ್ಲಿದ್ದ ಹುಡುಗ ಆಧಾರದ ಫ್ರೇಮಿನಲ್ಲಿ ಕಣ್ಣು ಮುಚ್ಚಿ ಮುಖವನ್ನೂ ತೋಟದ ಕಡೆ ತಿರುಗಿಸಿದ್ದಾನೆ. ಮುಖ ಮಾತ್ರ ತರುವ ದಾರಿ ಮುಚ್ಚಿತು. ತಲೆ ತರೋಣವೆಂದರೆ ಇನ್ನೊಂದು ತೊಡಕು: ಹೊಸ ತಲೆಯನ್ನು ಕೂರಿಸಿದಾಗ ಹಳೆಯ ತಲೆಯ ಕಿವಿ, ಹಿಂಭಾಗದ ಕೂದಲು ಅದರ ಪಕ್ಕದಿಂದ ಇಣುಕುತ್ತದೆ. ತಲೆ ಬದಲಿಸಿದ ಫೋಟೋಗಳಲ್ಲಿ ಮೂರು ಕಿವಿ ಕಾಣುವುದು ಇದೇ ಕಾರಣಕ್ಕೆ. ಹಾಗಾದಾಗ ತಲೆಯ ಜೊತೆ ಅದರ ಸುತ್ತಲಿನ ಹಿನ್ನೆಲೆಯನ್ನೂ ಅದೇ ಫ್ರೇಮಿನಿಂದ ತರಬೇಕು. ಹಿಂದೆ ಗೋಡೆ ಇದ್ದರೆ ಸುಲಭ. ಹಿಂದೆ ಇನ್ನೊಬ್ಬರ ಸೀರೆ ಇದ್ದು ಅವರು ಅಲುಗಿದ್ದರೆ ಸೀರೆಯ ಅಂಚು ಎರಡಾಗುತ್ತದೆ, ಆಗ ಕೆಲಸ ಬೆಳೆಯುತ್ತಲೇ ಹೋಗುತ್ತದೆ.

ಕುಪ್ಯ ಎಂಬ ಕಪ್ಪು ನಿಲುವಂಗಿ ತೊಟ್ಟವರ ತಲೆ ತರುವಾಗ ಜೋಡಣೆಯನ್ನು ಕಪ್ಪು ಬಟ್ಟೆಯ ಒಳಕ್ಕೆ ಇಳಿಸಿಬಿಡಬಹುದು, ಕಾಣುವುದಿಲ್ಲ. ಈ ಹುಡುಗ ಬಿಳಿ ಶರ್ಟಿನಲ್ಲಿದ್ದ. ಬಿಳಿಯಲ್ಲಿ ಮಡಿಕೆಯ ನೆರಳುಗಳು ಎದ್ದು ಕಾಣುತ್ತವೆ, ಅಲ್ಲಿ ಜೋಡಣೆ ಬೇಡ.

ಹಾಗಾಗಿ ಅವನನ್ನು ತಲೆಯಿಂದ ಕಾಲಿನವರೆಗೆ ಪೂರ್ತಿ 4131ರಿಂದಲೇ ತಂದದ್ದು. ಒಂದು ಪಕ್ಕದಲ್ಲಿ ಮನೆಯ ಕಂಬ, ಕೆಳಗೆ ಕಲ್ಲಿನ ಮೆಟ್ಟಿಲು. ಅವು ಎರಡೂ ಫ್ರೇಮಿನಲ್ಲಿ ಒಂದೇ. ಇನ್ನೊಂದು ಪಕ್ಕದಲ್ಲಿ ಅವನಿಗೂ ಅವನ ಚಿಕ್ಕಪ್ಪನಿಗೂ ನಡುವೆ ಒಂದು ಗೇಣು ಗೋಡೆ ಕಾಣುತ್ತಿತ್ತು. ಮಾಸ್ಕಿನ ಅಂಚು ಕಂಬ, ಮೆಟ್ಟಿಲು, ಗೋಡೆಗಳ ಮೇಲೆ ಮಾತ್ರ ಹಾದುಹೋಯಿತು, ಎಲ್ಲೂ ಚರ್ಮವನ್ನಾಗಲಿ ಬಟ್ಟೆಯನ್ನಾಗಲಿ ಮುಟ್ಟಲಿಲ್ಲ. ನಾಲ್ಕರಲ್ಲಿ ಅತಿ ದೊಡ್ಡ ತುಂಡು ಇದೇ, ಅತಿ ಬೇಗ ಮುಗಿದದ್ದೂ ಇದೇ. ಪಕ್ಕದವರ ತೋಳು, ಸೀರೆಯ ಸೆರಗು ಮೇಲೆ ಬೀಳದೆ ನಿಂತ ಯಾರಿಗಾದರೂ ನಾನು ಮೊದಲು ಯೋಚಿಸುವುದು ಈ ದಾರಿಯನ್ನೇ. ಚಿಕ್ಕಪ್ಪ ಅವನ ಹೆಗಲ ಮೇಲೆ ಕೈ ಇಟ್ಟಿದ್ದರೆ ಮಾತ್ರ ಇದು ಸಾಧ್ಯವಿರುತ್ತಿರಲಿಲ್ಲ.

ಈಗ ಸಾಫ್ಟ್‌ವೇರಿನ ಮಾತು

ಎಷ್ಟು ತುಂಡು ಎಂದು ತೀರ್ಮಾನವಾದ ಮೇಲೆ ಇದು ಸುಲಭ. Photoshop Elementsನಲ್ಲಿ Open Closed Eyes ಎಂಬ ಆಯ್ಕೆ ಇದೆ. ಅದು ತರುವುದು ಕಣ್ಣನ್ನು ಮಾತ್ರ, ಆದ್ದರಿಂದ ಹಿಂದಿನ ಸಾಲಿನ ಯುವಕನಂಥ ಪ್ರಸಂಗಕ್ಕೆ ಸರಿ, ಅಜ್ಜನಿಗೆ ಅಲ್ಲ. ಅದರಲ್ಲೇ ಇರುವ Photomerge Group Shot ಇನ್ನೂ ಉಪಯೋಗ, ಬೇಕಾದವರ ಮೇಲೆ ಗೆರೆ ಎಳೆದರೆ ಅವರನ್ನು ಆಧಾರದ ಫ್ರೇಮಿಗೆ ತರುತ್ತದೆ.

ಮೊಬೈಲಿನಲ್ಲಿ 2023ರ ಗೂಗಲ್ ಪಿಕ್ಸೆಲ್ 8 ಫೋನಿನೊಂದಿಗೆ ಬಂದ Best Take, ಒಟ್ಟೊಟ್ಟಿಗೆ ತೆಗೆದ ಫ್ರೇಮುಗಳಿಂದ ಒಬ್ಬೊಬ್ಬರಿಗೆ ಬೇಕಾದ ಮುಖ ಆರಿಸಲು ಬಿಡುತ್ತದೆ. ನಾಲ್ಕೈದು ಜನರ ಫೋಟೋಗೆ, ವಾಟ್ಸಾಪಿನಲ್ಲಿ ಕಳಿಸುವುದಕ್ಕೆ ಅದು ಧಾರಾಳ ಸಾಕು. ಆದರೆ ಅಂಚು ಎಲ್ಲಿ ಬೀಳಬೇಕು ಎಂಬುದು ನಿಮ್ಮ ಕೈಯಲ್ಲಿಲ್ಲ. ಮಂಡೆತುಣಿಯ ಗೆರೆ, ಕನ್ನಡಕದ ಕಡ್ಡಿ ಇರುವ ದೊಡ್ಡ ಗುಂಪಿಗೆ, ಗೋಡೆಗೆ ಹಾಕುವ ಪ್ರಿಂಟಿಗೆ ನಾನು ಕೈಯಲ್ಲೇ ಮಾಡುವೆ.

ದುಡ್ಡು ಕೊಡದೆ ಮಾಡಬೇಕೆಂದರೆ GIMP. ಮಾಸ್ಕ್, Difference ಮೋಡ್, ಬ್ರಷ್ ಎಲ್ಲ ಅಲ್ಲೂ ಇದೆ. ತಾನೇ ಫ್ರೇಮುಗಳನ್ನು ಹೊಂದಿಸಿ ಕೂರಿಸುವುದೊಂದು ಅದರಲ್ಲಿ ಇಲ್ಲ. ಅದಕ್ಕೆ ಉಚಿತವಾಗಿ ಸಿಗುವ Hugin ಹಾಕಿಕೊಂಡರೆ ಈ ಒಂದು ಸಾಲು ಸಾಕು:

```
align_image_stack --use-given-order -m -a jodi_ IMG_4127.jpg IMG_4131.jpg
```

ಹೊಂದಿಕೊಂಡ ಎರಡು TIFF ಕಡತಗಳು ಬರುತ್ತವೆ. ಅವನ್ನು GIMPನಲ್ಲಿ File > Open as Layers ಕೊಟ್ಟು ತೆರೆದು ಮೇಲೆ ಹೇಳಿದಂತೆಯೇ ಮುಂದುವರಿಯಿರಿ.

ಮುಗಿದ ಮೇಲೆ ಪರೀಕ್ಷೆ ಎರಡು ಹಂತದಲ್ಲಿ. ಮೊದಲು ಚಿತ್ರವನ್ನು 25 ಪ್ರತಿಶತಕ್ಕೆ ಇಳಿಸಿ, ಎಡಬಲ ಅದಲುಬದಲು ಮಾಡಿ ನೋಡಿ. ಗುರುತಿನ ಮುಖಗಳು ಹೊಸದಾಗಿ ಕಂಡು, ಬೆಳಕು ಹೊಂದದ ಮುಖ ತಕ್ಷಣ ಎದ್ದು ಬರುತ್ತದೆ. ಆಮೇಲೆ ಎಲ್ಲಕ್ಕಿಂತ ಮೇಲೆ ಒಂದು Curves ಲೇಯರ್ ಇಟ್ಟು ಗೆರೆಯನ್ನು ಬೇಕೆಂದೇ ವಿಪರೀತ ಏರಿಳಿಸಿ. ಸಾಮಾನ್ಯ ನೋಟಕ್ಕೆ ಕಾಣದ ಜೋಡಣೆ ಆಗ ಮಚ್ಚೆಯಂತೆ ತೋರುತ್ತದೆ. ನೋಡಿ ಆ ಲೇಯರನ್ನು ತೆಗೆದುಬಿಡಿ.

ತೆಗೆಯುವಾಗಲೇ

2006ರಲ್ಲಿ ಆಸ್ಟ್ರೇಲಿಯಾದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್, ಯಾರೂ ಕಣ್ಣು ಮುಚ್ಚದ ಒಂದು ಫ್ರೇಮ್ ಸಿಗಲು ಎಷ್ಟು ಫೋಟೋ ತೆಗೆಯಬೇಕೆಂದು ಲೆಕ್ಕ ಹಾಕಿದರು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್‌ನ ಆ ವರ್ಷದ ಗಣಿತ ಪ್ರಶಸ್ತಿ ಅವರಿಗೆ ಬಂತು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ, ಬೆಳಕು ಕಡಿಮೆ ಇದ್ದರೆ ಎರಡರಿಂದ ಭಾಗಿಸಿ. ಹದಿನೆಂಟು ಜನರಿಗೆ ಬೆಳಕಿದ್ದರೆ ಆರು, ಇಲ್ಲದಿದ್ದರೆ ಒಂಬತ್ತು. ಗುಂಪು ಐವತ್ತರ ಹತ್ತಿರ ಹೋದರೆ ಅಂಥ ಫ್ರೇಮ್ ಸಿಗುವ ಆಸೆಯನ್ನೇ ಬಿಡಬೇಕು ಎಂದು ಅವರ ಲೆಕ್ಕ.

ಒಕ್ಕದ ಫೋಟೋದಲ್ಲಿ ಇಪ್ಪತ್ತು ದಾಟುವುದು ಮಾಮೂಲು. ಆದ್ದರಿಂದ ಒಂದು ಪರಿಪೂರ್ಣ ಫ್ರೇಮಿಗಾಗಿ ಕಾಯುವುದಕ್ಕಿಂತ, ಪ್ರತಿಯೊಬ್ಬರ ತೆರೆದ ಕಣ್ಣೂ ಒಂದೇ ಬೆಳಕಿನ ಯಾವುದಾದರೂ ಒಂದು ಫ್ರೇಮಿನಲ್ಲಿ ಇರುವಂತೆ ನೋಡಿಕೊಳ್ಳಿ. ಟ್ರೈಪಾಡ್ ಇರಲಿ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಕೈಯಿಂದಲೇ ಹೊಂದಿಸಿ, ಆಮೇಲೆ ಮುಟ್ಟಬೇಡಿ. ಮೋಡ ಹಾದುಹೋಗುತ್ತಿದ್ದರೆ ಬಿಸಿಲಿನಲ್ಲೊಂದು ಸರಣಿ, ಮೋಡದಲ್ಲೊಂದು ಸರಣಿ ಎಂದು ಬೇರೆ ಬೇರೆಯಾಗಿ ತೆಗೆಯಿರಿ. ಆಗ ಅಜ್ಜನ ಒಳ್ಳೆಯ ನಗು ಯಾವ ಸರಣಿಯಲ್ಲಿ ಬಂದಿದೆಯೋ ಅದನ್ನೇ ಆಧಾರ ಮಾಡಿಕೊಳ್ಳಬಹುದು. ಕನ್ನಡಕದವರು ಯಾರು, ಮಕ್ಕಳು ಯಾರು ಎಂದು ಗುರುತು ಇಟ್ಟುಕೊಂಡು, ಸಾಲು ಕದಲುವ ಮೊದಲು ಕ್ಯಾಮೆರಾದ ಪರದೆಯಲ್ಲಿ ಅವರನ್ನಷ್ಟೇ ಝೂಮ್ ಮಾಡಿ ನೋಡಿ. ಮಕ್ಕಳನ್ನು ಸಾಧ್ಯವಾದರೆ ಸಾಲಿನ ತುದಿಗೆ, ಪಕ್ಕದವರಿಂದ ಒಂದು ಗೇಣು ಬಿಟ್ಟು ನಿಲ್ಲಿಸಿ.